ಕಾಫಿ ಕೊಯ್ಯುವವರ ಕಿವಿಗೊಂದು ಧಾರಾವಾಹಿ

ಜನವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಜೋರಾದರೆ ಕೊಡಗಿನ ತೋಟಗಳಲ್ಲಿ ಎರಡೂ ಕೈ ಗಿಡದ ಮೇಲೇ ಇರುತ್ತವೆ. ಕಣ್ಣೂ ಅಲ್ಲೇ. ಬಿಡುವಿರುವುದು ಕಿವಿಗೆ ಮಾತ್ರ. ಅವರಿಗಾಗಿ ಆಡಿಯೊ ಧಾರಾವಾಹಿ ಮಾಡಬೇಕೆಂದಿದ್ದರೆ, ಕಥೆ ಹುಡುಕುವ ಮೊದಲು ಅವರು ಕೆಲಸ ಮಾಡುವುದನ್ನು ಒಂದು ಗಂಟೆ ಕೂತು ನೋಡಿ.

ಗಿಡ ಬದಲಿಸುವಾಗ, ಚೀಲ ಸುರಿಯುವಾಗ, ತೋಟದ ಲೆಕ್ಕ ಬರೆಯುವ ರೈಟರ್ ಕರೆದಾಗ ಕಥೆ ತಪ್ಪಿಹೋಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಬಸ್ಸಲ್ಲಿ ಹೋಗುವವರಾದರೆ ಹಿಂದಕ್ಕೆ ಓಡಿಸಿ ಮತ್ತೆ ಕೇಳುತ್ತಾರೆ. ಇಲ್ಲಿ ಬೆರಳಿಗೆಲ್ಲ ಹಣ್ಣಿನ ಅಂಟು, ಫೋನ್ ಮುಟ್ಟುವ ಹಾಗಿಲ್ಲ. ಹಾಗಾಗಿ ಅರ್ಧ ನಿಮಿಷ ತಪ್ಪಿದರೂ ಮತ್ತೆ ಹಿಡಿಯಬಹುದಾದ ಕಥೆಯೇ ಬೇಕು.

ಒಂದು ಉದಾಹರಣೆ ಕಟ್ಟೋಣ. ಹೆಸರು ‘ತೂಕದ ಚೀಟಿ’. ಕಾವೇರಕ್ಕ ಕೊಯ್ದದ್ದು 62 ಕಿಲೊ, ಚೀಟಿಯಲ್ಲಿರುವುದು 52. ಹತ್ತು ಕಿಲೊ ಎಲ್ಲಿ ಹೋಯಿತು? ಹತ್ತು ಕಂತಿಗೂ ಇದೊಂದೇ ಪ್ರಶ್ನೆ. ಪ್ರತಿ ಕಂತಿನಲ್ಲಿ ಒಂದು ಜಾಗ, ಒಂದು ಸುಳಿವು, ಹೆಚ್ಚೆಂದರೆ ಮೂರು ದನಿ: ವಯಸ್ಸಾದ ಹೆಂಗಸು, ಹುಡುಗ, ಗಡಸು ದನಿಯ ರೈಟರ್. ಇಬ್ಬರು ಹುಡುಗರನ್ನು ಹಾಕಬೇಡಿ, ಯಾರು ಯಾರೆಂದು ಗೊತ್ತಾಗುವುದಿಲ್ಲ.

ಮಾತು ಬರೆಯುವಾಗಲೇ ಜಾಸ್ತಿ ಜಾಗ್ರತೆ ಬೇಕು. ‘ಅವನು ಅದನ್ನು ಅವಳಿಗೆ ತೋರಿಸಿದ’ ಎಂದರೆ ಆಗತಾನೆ ಕಿವಿಗೊಟ್ಟವರಿಗೆ ಏನೂ ತಿಳಿಯದು. ‘ಕಾವೇರಕ್ಕಾ, ಚೀಟಿಯಲ್ಲಿ ಐವತ್ತೆರಡೇ ಬರೆದಿದೆಯಲ್ಲಾ!’ ಎಂದು ಹುಡುಗನೇ ಹೇಳಲಿ. ಯಾರ ಜೊತೆ ಮಾತು, ಏನಾಗಿದೆ, ಎರಡೂ ಒಂದೇ ಸಾಲಲ್ಲಿ ಬಂತು. ಹೀಗೆ ಎರಡು ನಿಮಿಷಕ್ಕೊಮ್ಮೆ ಯಾರಾದರೂ ಹೆಸರು ಹಿಡಿದು ಕರೆಯಲಿ, ಚೀಟಿಯ ಮಾತು ಮತ್ತೆ ಬರಲಿ. ‘ಹಿಂದಿನ ಕಂತಿನಲ್ಲಿ’ ಎಂದು ಉದ್ದಕ್ಕೆ ಹೇಳುವ ಅಗತ್ಯವೇ ಇರುವುದಿಲ್ಲ.

ರೆಕಾರ್ಡಿಂಗಿನಲ್ಲಿ ಪಿಸುಮಾತು ಬೇಡ. ಕೊಂಬೆ ಎಳೆಯುವ ಸದ್ದಿಗೆ ಅದು ಕೇಳಿಸುವುದೇ ಇಲ್ಲ. ತೋಟಕ್ಕೆ ಆನೆ ಬರುವ ಊರಿದು, ಒಂದು ಕಿವಿ ಹೊರಗಿನ ಸದ್ದಿಗೆ ತೆರೆದೇ ಇರಬೇಕು. ಅದಕ್ಕೇ ಎರಡೂ ಕಿವಿಗೆ ಒಂದೇ ಸದ್ದು ಬರುವ ಮೊನೊದಲ್ಲಿ ಮಾಡಿ. ಸ್ಟೀರಿಯೊದಲ್ಲಿ ಒಬ್ಬರ ದನಿ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಇಟ್ಟರೆ ಒಂದೇ ಕಿವಿಯಲ್ಲಿ ಕೇಳುವವರಿಗೆ ಅರ್ಧ ಸಂಭಾಷಣೆ ತಪ್ಪಿಹೋಗುತ್ತದೆ.

ತೋಟದೊಳಗೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ವಾ? ಹನ್ನೆರಡು ನಿಮಿಷದ ಕಂತನ್ನು 64 kbps ಮೊನೊ MP3 ಮಾಡಿದರೆ 6 ಎಂಬಿಯೊಳಗೆ ಮುಗಿಯುತ್ತದೆ. ಸಿಗ್ನಲ್ ಇರುವ ಕಡೆ ಇಳಿಸಿಕೊಳ್ಳಬಹುದು, ಮೆಮೊರಿ ಕಾರ್ಡಿಗೂ ಹಾಕಿಕೊಡಬಹುದು. ಫೈಲಿಗೆ 01, 02 ಎಂದೇ ಹೆಸರಿಡಿ. ಬರೀ 1, 2 ಎಂದಿಟ್ಟರೆ ಕೆಲವು ಫೋನ್‌ಗಳಲ್ಲಿ ಒಂದನೇ ಕಂತಾದ ಮೇಲೆ ಹತ್ತನೆಯದು ಬಂದು ಕಳ್ಳ ಯಾರೆಂದು ಮೊದಲೇ ಗೊತ್ತಾಗಿಬಿಡುತ್ತದೆ.

ಎಲ್ಲ ಕಂತು ಮುಗಿಸುವ ಮೊದಲು ಒಂದನೆಯದನ್ನು ಕಾಳುಮೆಣಸು ಬಿಡಿಸುತ್ತಿರುವ ಇಬ್ಬರಿಗೆ ಕೇಳಿಸಿ. ನಡುವೆ ಒಮ್ಮೆ ಸುಮ್ನೆ ನೀರು ಕೇಳಿ ಎಬ್ಬಿಸಿ. ಆಮೇಲೆ ಕಥೆ ಹೇಳಲು ಹೇಳಿ. ಅವರು ‘ಯಾರೋ ಒಬ್ಬ’ ಎಂದ ಕಡೆಯೆಲ್ಲ ಗುರುತು ಹಾಕಿಕೊಳ್ಳಿ. ಅಲ್ಲೆಲ್ಲ ಒಂದೊಂದು ಹೆಸರು ಸೇರಿಸಿ ಮತ್ತೆ ರೆಕಾರ್ಡ್ ಮಾಡಿ.