ಮೈ ಹಾಗೇ ಇರಲಿ, ಮುಖ ಮಾತ್ರ ಬದಲಾಗಲಿ

ಮಕ್ಕಳ ಕತೆಯೊಂದಕ್ಕೆ ಚಿತ್ರ ಬೇಕಿತ್ತು: ಅಜ್ಜಿ ಒರಳುಕಲ್ಲಿನ ಮುಂದೆ ಕೂತು ಹಿಟ್ಟು ರುಬ್ಬುತ್ತಿರಬೇಕು. ಬರೆದದ್ದನ್ನು ಓದಿ ಚಿತ್ರ ಬಿಡಿಸುವ ಎಐ ಮಾಡೆಲ್ ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ ಹತ್ತಾರು ಸಲ ಒದ್ದಾಡಿದ ಮೇಲೆ ಕೂತ ಭಂಗಿ, ಸೀರೆ, ಗುಂಡುಕಲ್ಲಿನ ಮೇಲಿಟ್ಟ ಕೈ ಎಲ್ಲ ಸರಿಯಾಗಿ ಬಂತು. ಮುಖ ಮಾತ್ರ ಇಪ್ಪತ್ತೈದರ ಹುಡುಗಿಯದು!

ಮುಖದ ಮೇಲೆ ಮಾಸ್ಕ್ ಬಳಿದು, ‘ಮುದುಕಿ’ ಎಂದು ಬರೆದು ಇನ್‌ಪೇಂಟ್ ಮಾಡಿದೆ, ಅಂದರೆ ಮಾಸ್ಕ್ ಬಳಿದಷ್ಟು ಜಾಗವನ್ನು ಮಾತ್ರ ಹೊಸದಾಗಿ ಬರೆಸಿದೆ. ಸುಕ್ಕುಗಳೇನೋ ಬಂದವು. ಆದರೆ ಮೈ ಒರಳಿನ ಕಡೆ ಬಾಗಿದೆ, ಮುಖ ಪಾಸ್‌ಪೋರ್ಟ್ ಫೋಟೊ ಥರ ನೇರ ನಮ್ಮನ್ನೇ ನೋಡುತ್ತಿದೆ. ತಲೆ ಯಾವ ಕಡೆ ತಿರುಗಿರಬೇಕು ಎಂದು ಮಾಡೆಲ್‌ಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಅದನ್ನು ಹೇಳುವುದಕ್ಕೆ ಇರುವುದು ಕಂಟ್ರೋಲ್‌ನೆಟ್. ಸ್ಟ್ಯಾನ್‌ಫರ್ಡ್‌ನ ಲ್ವಮಿನ್ ಜಾಂಗ್ ಮತ್ತು ಜೊತೆಯವರು 2023ರಲ್ಲಿ ಹೊರತಂದದ್ದು. ಮೂಲ ಮಾಡೆಲ್‌ಗೆ ಕೈಹಚ್ಚದೆ, ಅದರ ಒಂದು ಭಾಗದ ನಕಲು ಮಾಡಿ, ಆ ನಕಲಿಗೆ ಮಾತ್ರ ಹೊಸ ಪಾಠ ಕಲಿಸುತ್ತಾರೆ. ನಮಗೆ ಬೇಕಾದ ಪಾಠ ಓಪನ್‌ಪೋಸ್. ಅದು ಚಿತ್ರದಲ್ಲಿರುವ ಮನುಷ್ಯನನ್ನು 18 ಚುಕ್ಕಿಗಳ ಕಡ್ಡಿಗೊಂಬೆ ಮಾಡುತ್ತದೆ. ಅದರಲ್ಲಿ ಐದು ಚುಕ್ಕಿ ತಲೆಗೇ ಸೇರಿದ್ದು: ಮೂಗು, ಎರಡು ಕಣ್ಣು, ಎರಡು ಕಿವಿ. ಒಂದು ಕಿವಿ ಮರೆಯಾಗಿ, ಮೂಗು ಕೆಳಗೆ ಬಾಗಿದ್ದರೆ ತಲೆ ಪಕ್ಕಕ್ಕೆ ತಿರುಗಿ ತಗ್ಗಿದೆ ಎಂದರ್ಥ.

ಹಾಗಾದರೆ ಕಡ್ಡಿಗೊಂಬೆ ಇಟ್ಟುಕೊಂಡು ಇಡೀ ಚಿತ್ರವನ್ನೇ ಹೊಸದಾಗಿ ಬರೆಸಬಹುದಲ್ವಾ? ಬರೆಸಬಹುದು. ಭಂಗಿ ಉಳಿಯುತ್ತದೆ, ಸೀರೆ ಹೋಗುತ್ತದೆ. ಕಡ್ಡಿಗೊಂಬೆಗೆ ಬಟ್ಟೆ, ಬಣ್ಣ, ಒರಳು ಏನೂ ಗೊತ್ತಿಲ್ಲ. ಹಾಗಾಗಿ ಎರಡೂ ಬೇಕು: ಉಳಿದದ್ದನ್ನು ಕಾಯಲು ಮಾಸ್ಕ್, ತಲೆಯ ದಿಕ್ಕು ಹಿಡಿಯಲು ಓಪನ್‌ಪೋಸ್.

ನಾನು ಬಳಸುವುದು ಸ್ಟೇಬಲ್ ಡಿಫ್ಯೂಷನ್ ಅನ್ನು ಬ್ರೌಸರ್‌ನಲ್ಲಿ ನಡೆಸುವ ಆಟೊಮ್ಯಾಟಿಕ್1111 ವೆಬ್‌ಯುಐ. ಚಿತ್ರವನ್ನು `img2img` ಒಳಗಿನ `Inpaint` ಟ್ಯಾಬ್‌ಗೆ ಹಾಕಿ. ಮಾಸ್ಕ್ ಬಳಿಯುವಾಗ ಜಿಪುಣತನ ಬೇಡ. ಗಲ್ಲ, ಕಿವಿ, ಹಣೆಯ ಮೇಲಿನ ಕೂದಲು, ಕುತ್ತಿಗೆಯ ಸ್ವಲ್ಪ ಭಾಗವೂ ಸೇರಲಿ. ನಾನು ಮೊದಲು ಮುಖಕ್ಕಷ್ಟೇ ಬಳಿದು, ಬಿಳಿಗೂದಲಿನ ಅಂಚಿಗೆ ಕಪ್ಪು ಜಡೆ ಅಂಟಿಕೊಂಡ ಅಜ್ಜಿಯನ್ನು ಪಡೆದಿದ್ದೆ.

ಆಮೇಲೆ `Inpaint area` ಎಂಬಲ್ಲಿ `Only masked` ಆರಿಸಿ. ನನ್ನ ಚಿತ್ರ 512x768, ಅದರಲ್ಲಿ ಮುಖದ ಅಗಲ ಸುಮಾರು 80 ಪಿಕ್ಸೆಲ್. ಮಾಡೆಲ್ ಒಳಗೊಳಗೆ ಚಿತ್ರವನ್ನು ಎಂಟು ಪಟ್ಟು ಕುಗ್ಗಿಸಿ ಕೆಲಸ ಮಾಡುವುದರಿಂದ ಮುಖಕ್ಕೆ ಸಿಗುವುದು ಅಡ್ಡಕ್ಕೆ ಹತ್ತೇ ಮನೆ. ಹತ್ತು ಮನೆಯಲ್ಲಿ ಕಣ್ಣು ಮೂಗು ಎಲ್ಲಿ ಬರೆಯುತ್ತದೆ, ಪಾಪ! `Only masked` ಕೊಟ್ಟರೆ ಅಷ್ಟು ಭಾಗವನ್ನೇ ಕತ್ತರಿಸಿ, ಹಿಗ್ಗಿಸಿ ಬರೆದು, ಮತ್ತೆ ಜಾಗಕ್ಕೆ ಕೂರಿಸುತ್ತದೆ. ಆದರೆ ಕತ್ತರಿಸಿದ ತುಂಡಿನಲ್ಲಿ ಬರೀ ಮುಖ ಇದ್ದರೆ ಓಪನ್‌ಪೋಸ್‌ಗೆ ಮನುಷ್ಯನೇ ಕಾಣದೇ ಹೋಗಬಹುದು. ಭುಜವೂ ಸೇರುವಂತೆ ಪ್ಯಾಡಿಂಗ್ ಅನ್ನು, ಅಂದರೆ ಮಾಸ್ಕ್‌ನ ಸುತ್ತ ಸೇರಿಸಿಕೊಳ್ಳುವ ಅಂಚನ್ನು, 32ರಿಂದ 100ರ ಆಸುಪಾಸಿಗೆ ಏರಿಸಿ.

ಈಗ ಕಂಟ್ರೋಲ್‌ನೆಟ್ ತೆರೆದು, `Enable` ಗುರುತು ಹಾಕಿ, ಹೀಗೆ ತುಂಬಿ:

```
Preprocessor: openpose
Model: control_v11p_sd15_openpose
Control Weight: 1
```

ಎಡವುವುದು ಮೊದಲ ಸಾಲಿನಲ್ಲೇ. ಪಟ್ಟಿಯಲ್ಲಿ `openpose_full`, `openpose_face` ಕೂಡ ಇವೆ. ಮುಖ ಬದಲಿಸಬೇಕಲ್ಲ, `openpose_face` ಅಂದರೆ ಇದೇ ಇರಬೇಕು ಎಂದುಕೊಂಡು ನಾನೂ ಒತ್ತಿದ್ದೆ. ಅದು ಮಾಡುವುದು ತದ್ವಿರುದ್ಧ. ಹಳೇ ಮುಖದ ದವಡೆ, ಹುಬ್ಬು, ತುಟಿಯ ಮೇಲೆಲ್ಲ ಚುಕ್ಕಿ ಇಟ್ಟು ಆ ಆಕಾರವನ್ನೇ ಬಿಗಿಯಾಗಿ ಹಿಡಿಯುತ್ತದೆ. ನನಗೆ ಸಿಕ್ಕಿದ್ದು ಅದೇ ಹುಡುಗಿ, ಸುಮ್ನೆ ಪೆನ್ಸಿಲ್‌ನಲ್ಲಿ ಗೆರೆ ಎಳೆದ ಹಾಗೆ. ಮುಖ ಅದೇ ಇದ್ದು ಭಾವ ಉಳಿಯಬೇಕು ಎಂದಾಗ ಅದು ಸರಿ. ಮುಖವೇ ಬೇರೆ ಬೇಕಾದರೆ ಬರೀ `openpose` ಸಾಕು.

ಜನರೇಟ್ ಒತ್ತುವ ಮುಂಚೆ ಪ್ರಿವ್ಯೂ ನೋಡಿಬಿಡಿ. ಕಪ್ಪು ಹಿನ್ನೆಲೆಯಲ್ಲಿ ಬಣ್ಣದ ಕಡ್ಡಿಗಳು ಕಾಣಬೇಕು. ಪೂರ್ತಿ ಕಪ್ಪು ಬಂದರೆ ಮುಂದೆ ಹೋಗಿ ಪ್ರಯೋಜನವಿಲ್ಲ, ಪ್ಯಾಡಿಂಗ್ ಇನ್ನೂ ಏರಿಸಿ. ಸ್ಟೇಬಲ್ ಡಿಫ್ಯೂಷನ್‌ನದೇ ಎಸ್‌ಡಿಎಕ್ಸ್‌ಎಲ್ ಮಾಡೆಲ್ ಬಳಸುವವರಿಗೆ ಈ `sd15` ಫೈಲ್ ನಡೆಯುವುದಿಲ್ಲ, ಅದಕ್ಕೆ ಬೇರೆಯದೇ ಬೇಕು.

ಕೊನೆಗೆ `Denoising strength`, ಹಳೇ ಚಿತ್ರವನ್ನು ಎಷ್ಟು ಬದಲಿಸಬೇಕು ಎಂಬ ಅಳತೆ. 0.4ರಲ್ಲಿ ಹುಡುಗಿಗೆ ವಯಸ್ಸೇ ಆಗಲಿಲ್ಲ. 0.9ರಲ್ಲಿ ಕುತ್ತಿಗೆಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. 0.65ರಲ್ಲಿ ಅಜ್ಜಿ ಬಂದಳು: ತಲೆ ತಗ್ಗಿಸಿ, ಕಣ್ಣು ಒರಳಿನ ಮೇಲೆ. ನೋಡುವ ದಿಕ್ಕು ಮಾತ್ರ ಅದೃಷ್ಟ. ಕಣ್ಣಿಗೆ ಒಂದೊಂದೇ ಚುಕ್ಕಿ ಇರುವುದರಿಂದ ಕಣ್ಣುಗುಡ್ಡೆ ಎತ್ತ ತಿರುಗುತ್ತದೆ ಎಂಬುದು ಓಪನ್‌ಪೋಸ್‌ನ ಹಿಡಿತದಲ್ಲಿಲ್ಲ. ನಾಲ್ಕು ಚಿತ್ರ ಒಟ್ಟಿಗೆ ತೆಗೆದು ಆರಿಸಿಕೊಂಡೆ. (ಇದೆಲ್ಲ ಕತೆಯ ಪಾತ್ರಕ್ಕೆ. ನಿಜವಾದ ಒಬ್ಬರ ಮುಖ ತಂದು ಕೂರಿಸುವುದಾದರೆ ಅವರನ್ನು ಕೇಳದೆ ಮಾಡಬೇಡಿ.)

ಚಿತ್ರ ಕಳಿಸುವ ಹೊತ್ತಿಗೆ ಮನೆಯವಳು ನೋಡಿ, ‘ಮುಖಕ್ಕೆ ಎಪ್ಪತ್ತು, ಕೈಗೆ ಇಪ್ಪತ್ತು’ ಎಂದಳು. ಹೌದು, ಮಾಸ್ಕ್‌ನ ಹೊರಗಿದ್ದ ಕೈ ಇನ್ನೂ ನುಣ್ಣಗೇ ಇತ್ತು. ಭಂಗಿ ಕೆಡದಂತೆ 0.4ರಲ್ಲಿ, ಬೆರಳು ಬಿಟ್ಟು ಮುಂಗೈಗಷ್ಟೇ ಮತ್ತೊಂದು ಮಾಸ್ಕ್ ಬಳಿದೆ. ಬೆರಳುಗಳ ತಂಟೆಗೆ ಹೋಗಲಿಲ್ಲ. ಐದು ಇದ್ದದ್ದೇ ದೊಡ್ಡದು.