ವಾಕೆಡ್ ಅಲ್ಲ, ವಾಕ್ಟ್: ಡೊಂಬಿವಲಿಯಲ್ಲಿ ಕೂತು ಇಂಗ್ಲಿಷ್ ಪದಗಳ ಬಾಲ ಸರಿ ಮಾಡಿಕೊಂಡದ್ದು

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್, ಅಂದರೆ ಮಾತಿನ ಪರೀಕ್ಷೆ, 11ರಿಂದ 14 ನಿಮಿಷದ ಮಾತುಕತೆ. ಅಂಕ ಕೊಡುವುದು ನಾಲ್ಕು ವಿಷಯಕ್ಕೆ. ಅದರಲ್ಲಿ ಉಚ್ಚಾರಣೆಯೂ ಒಂದು, ವ್ಯಾಕರಣವೂ ಒಂದು. ಪದದ ಕೊನೆಯ ಸದ್ದು ನುಂಗಿದರೆ ಈ ಎರಡೂ ಕಡೆ ಪೆಟ್ಟು ಬೀಳಬಹುದು. ನಿನ್ನೆಯ ಕತೆ ಹೇಳುವಾಗ ಕ್ರಿಯಾಪದದ ಕೊನೆಯ ಡ್, ಟ್ ಕೇಳಿಸದಿದ್ದರೆ, ಇವರಿಗೆ ಭೂತಕಾಲವೇ ಬರುವುದಿಲ್ಲ ಅಂತ ಎದುರಿಗೆ ಕೂತವರಿಗೆ ಅನ್ನಿಸುತ್ತದೆ. ಹಾಗಾಗಿ ದೊಡ್ಡ ದೊಡ್ಡ ಪದ ಉರು ಹೊಡೆಯುವುದನ್ನು ಬದಿಗಿಟ್ಟು ನಾನು ಮೊದಲು ಹಿಡಿದದ್ದು ಈ ಬಾಲಗಳನ್ನೇ.

ನಮ್ಮ ತೊಡಕು ಎಲ್ಲಿದೆ ಅಂದರೆ, ಕನ್ನಡದ ಮಾತು ಸ್ವರದಲ್ಲಿ ಮುಗಿಯಬೇಕು. ಬಸ್ ನಮ್ಮಲ್ಲಿ ಬಸ್ಸು, ಕಾರ್ ಕಾರು. ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ಪದದ ಕೊನೆಗೂ ಒಂದು ಸಣ್ಣ ಉ ಅಂಟಿಕೊಳ್ಳುತ್ತದೆ. ಇನ್ನೊಂದು ಕಾರಣ ಸ್ಪೆಲ್ಲಿಂಗ್. ಈ, ಡಿ ಅಂತ ಕಣ್ಣಿಗೆ ಕಂಡ ಕೂಡಲೇ ಬಾಯಿ ‘ಎಡ್’ ಅನ್ನುತ್ತದೆ. ವಾಕೆಡ್, ಲಾಫೆಡ್, ಸ್ಟಾಪೆಡ್. ಮುಂಬೈಯಲ್ಲಿ ಮರಾಠಿಯವರು, ಗುಜರಾತಿಯವರು ಹೀಗೆ ಹೇಳುವುದನ್ನೂ ಕೇಳಿದ್ದೇನೆ, ನಾವು ಮಾತ್ರ ಅಲ್ಲ.

ನಿಯಮ ನಿಜಕ್ಕೂ ಚಿಕ್ಕದು. ಈ-ಡಿ ಬರುವ ಮುಂಚೆ ಕೊನೆಗೆ ಕೇಳುವ ಸದ್ದು ಯಾವುದು, ಅಷ್ಟೇ ನೋಡಬೇಕು. ಅಕ್ಷರ ನೋಡಬಾರದು. ಆ ಸದ್ದು ಟ್ ಅಥವಾ ಡ್ ಆಗಿದ್ದರೆ ಮಾತ್ರ ‘ಇಡ್’ ಸೇರುತ್ತದೆ: ವೇಟ್, ವೇಟಿಡ್, ನೀಡ್, ನೀಡಿಡ್. ಉಳಿದ ಕಡೆ ಹೊಸ ಸ್ವರ ಸೇರುವುದೇ ಇಲ್ಲ. ಗಂಟಲು ನಡುಗದ ಸದ್ದಿನ ಹಿಂದೆ ಟ್: ವಾಕ್ಟ್, ಸ್ಟಾಪ್ಟ್, ಮಿಸ್ಟ್, ವಾಚ್ಟ್. ಗಂಟಲು ನಡುಗುವ ಸದ್ದಿನ ಹಿಂದೆ ಡ್: ರೇನ್ಡ್, ಕಾಲ್ಡ್, ಲಿವ್ಡ್, ಸ್ಟೇಡ್.

ನಡುಗುತ್ತದೆಯೋ ಇಲ್ಲವೋ ತಿಳಿಯಲು ಗಂಟಲ ಮೇಲೆ ಎರಡು ಬೆರಳಿಡಿ. ಪ ಅನ್ನಬೇಡಿ, ಅದರೊಳಗೆ ಅ ಇದೆ, ನಡುಗಿಯೇ ನಡುಗುತ್ತದೆ. ಬರೀ ಪ್ ಅನ್ನಿ. ಸ್ಸ್ಸ್ ಅಂತ ಎಳೆಯಿರಿ, ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಮ್ಮ್ಮ್ ಅಂತ ಎಳೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ಶಾಲೆಯಲ್ಲಿ ಆದೇಶ ಸಂಧಿ ಓದಿದ್ದು ನೆನಪಿದೆ ಅಲ್ವಾ? ಕಣ್ ಮತ್ತು ಪನಿ ಸೇರಿ ಕಂಬನಿ. ಣ್‌ನಲ್ಲಿ ಶುರುವಾದ ನಡುಕ ನಿಲ್ಲದೆ ಮುಂದುವರಿದು ಪ್ ಅನ್ನು ಬ್ ಮಾಡಿತು. ಇಂಗ್ಲಿಷ್ ಬಾಲದ್ದೂ ಇದೇ ಕೆಲಸ. ಪಕ್ಕದ ಸದ್ದು ನಡುಗಿದರೆ ಬಾಲವೂ ನಡುಗುತ್ತದೆ, ಅದು ಸುಮ್ಮನಿದ್ದರೆ ಬಾಲವೂ ಸುಮ್ಮನೆ. ಇದು ಹೊಳೆದ ಮೇಲೆ ನಾನು ಪಟ್ಟಿ ಬಾಯಿಪಾಠ ಮಾಡುವುದನ್ನು ಬಿಟ್ಟೆ.

ಸ್ಪೆಲ್ಲಿಂಗ್ ಮೋಸ ಮಾಡುವ ಕಡೆ ಮಾತ್ರ ಎಚ್ಚರ ಬೇಕು. ಲಾಫ್ ಪದದ ಕೊನೆಗೆ ಬರೆಯುವುದು ಜಿ, ಎಚ್, ಕೇಳುವುದು ಫ್. ಹಾಗಾಗಿ ಲಾಫ್ಟ್. ಫಿಕ್ಸ್ ಮುಗಿಯುವುದು ಸ್‌ನಲ್ಲಿ, ಅದಕ್ಕೆ ಫಿಕ್ಸ್ಟ್.

ಆದರೆ ನಿಯಮ ಗೊತ್ತಿದ್ದರೂ ವಾಕ್ಟ್ ಅನ್ನುವಾಗ ನಾಲಗೆ ಕೊನೆಗೆ ‘ಟು’ ಅಂದೇಬಿಡುತ್ತದೆ. ಇದಕ್ಕೆ ಮದ್ದು ಸಿಕ್ಕಿದ್ದು ಮುಂದಿನ ಪದದಲ್ಲಿ. ಮುಂದಿನ ಪದ ಸ್ವರದಿಂದ ಶುರುವಾದರೆ ಬಾಲವನ್ನು ಕಿತ್ತು ಆ ಪದಕ್ಕೆ ಅಂಟಿಸಿ ಹೇಳಬೇಕು. ಸ್ವರ ಬೇಡುವ ನಮ್ಮ ನಾಲಗೆಗೆ ಅಲ್ಲೇ ಸ್ವರ ಸಿಗುತ್ತದೆ, ಹೊಸದಾಗಿ ಉ ಹಾಕುವ ಅಗತ್ಯ ಇರುವುದಿಲ್ಲ. ಇಂಗ್ಲಿಷ್ ಮನೆಮಾತಿನವರು ಮಾತಾಡುವುದೂ ಹೀಗೇ.

ಪರೀಕ್ಷೆಯ ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದೆರಡು ನಿಮಿಷ ಮಾತಾಡಿಸುತ್ತಾರೆ. ಒಂದು ಪ್ರಯಾಣದ ಬಗ್ಗೆ ಹೇಳಿ ಅನ್ನುವ ಕಾರ್ಡಿಗೆ ನಾನು ಲೋಣಾವಳಾಕ್ಕೆ ಹೋದ ಮಳೆಗಾಲದ ದಿನವನ್ನು ಇಟ್ಟುಕೊಂಡೆ. ವಿ ಮಿಸ್ಡ್ ಅ ಟ್ರೇನ್ ಎಂಬುದನ್ನು ‘ವಿ ಮಿಸ್-ಟ-ಟ್ರೇನ್’ ಅಂತ ಬರೆದುಕೊಂಡೆ. ಇಟ್ ರೇನ್ಡ್ ಆಲ್ ಡೇ, ಅದು ‘ರೇನ್-ಡಾಲ್ ಡೇ’. ವಿ ವೇಟಿಡ್ ಇನ್ ಅ ಟೀ ಸ್ಟಾಲ್, ‘ವೇಟಿ-ಡಿ-ನ-ಟೀ ಸ್ಟಾಲ್’. ಐ ಆಸ್ಕ್ಡ್ ಆನ್ ಓಲ್ಡ್ ಮ್ಯಾನ್ ಎಲ್ಲಕ್ಕಿಂತ ಕಷ್ಟ. ಸ್, ಕ್, ಟ್ ಮೂರೂ ಸಾಲಾಗಿ ನಿಂತಿವೆ. ಇಲ್ಲಿ ವೇಗದ ಮಾತಿನಲ್ಲಿ ಇಂಗ್ಲಿಷ್ ಮನೆಮಾತಿನವರೇ ಕ್ ಬಿಟ್ಟು ‘ಆಸ್-ಟನ್’ ಅನ್ನುತ್ತಾರೆ. ಕ್ ಬಿಡಬಹುದು, ಟ್ ಬಿಡಬಾರದು. ಭೂತಕಾಲ ಇರುವುದು ಟ್‌ನಲ್ಲಿ.

ಮುಂದಿನ ಪದ ವ್ಯಂಜನದಿಂದ ಶುರುವಾದರೆ ಬೇರೆ ಲೆಕ್ಕ. ವಿ ವಾಕ್ಡ್ ಬ್ಯಾಕ್ ಅನ್ನುವಾಗ ಟ್ ಜಾಗದಲ್ಲಿ ನಾಲಗೆ ತಡೆದು ನಿಂತು, ಸದ್ದು ಬಿಡದೆ ನೇರ ಬ್‌ಗೆ ಹೋಗಬೇಕು. ಅದು ಸರಿಯಾಗಿಯೂ ಕೇಳುವುದಿಲ್ಲ, ಕೇಳಲೇಬೇಕು ಅಂತಲೂ ಇಲ್ಲ. ಅಲ್ಲಿ ಒತ್ತಿ ಹೇಳಲು ಹೋದರೆ ಮತ್ತೆ ‘ವಾಕ್ಟು ಬ್ಯಾಕ್’. ಹಾಗಾಗಿ ನನ್ನ ಶ್ರಮವನ್ನೆಲ್ಲ ಸ್ವರದ ಮುಂದಿನ ಬಾಲಗಳಿಗೇ ಇಟ್ಟೆ.

ತಪ್ಪು ಹಿಡಿಯಲು ಮನೆಯಲ್ಲಿದ್ದವರು ಅತ್ತಿಗೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಇದಕ್ಕೆ ಅದೇ ಒಳ್ಳೆಯದಾಯಿತು. ಇಂಗ್ಲಿಷ್ ಬರುವವರು ಅರ್ಥ ಊಹಿಸಿಕೊಂಡು ಬಾಲ ಕೇಳಿಸಿತು ಅಂದುಬಿಡುತ್ತಾರೆ. ಅತ್ತಿಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು, ನಾನು ಒಂದೊಂದೇ ಪದ ಹೇಳುತ್ತಿದ್ದೆ.

“ಅತ್ತಿಗೆ, ಎಷ್ಟು ತುಂಡು ಕೇಳಿಸಿತು ಹೇಳಿ. ಸ್ಟಾಪ್ಟ್.”

“ಎರಡು. ಕೊನೆಗೆ ಟು ಅಂದೆ ನೀನು. ಇನ್ನೊಂದು ಸಲ ಹೇಳು ಮಾರಾಯ್ತಿ.”

ಕನ್ನಡದ ಕಿವಿಗೆ ಒಂದು ಸ್ವರ ಅಂದರೆ ಒಂದು ತುಂಡು. ಸ್ಟಾಪ್ಟ್‌ಗೆ ಒಂದು, ವೇಟಿಡ್‌ಗೆ ಎರಡು. ಲೆಕ್ಕ ತಪ್ಪಿದರೆ ಉಚ್ಚಾರಣೆ ತಪ್ಪಿತು ಅಂತಲೇ. ಟ್ ಬಂತೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಫೋನಿನ ರೆಕಾರ್ಡಿಂಗ್ ಕೇಳುತ್ತಿದ್ದೆ, ಅದೂ ಲೋಕಲ್‌ನ ಗದ್ದಲದಲ್ಲಿ ಅಲ್ಲ, ರಾತ್ರಿ ಮನೆಯಲ್ಲಿ.

ಬಹುವಚನಕ್ಕೂ ಇದೇ ಗಂಟಲಿನ ಲೆಕ್ಕ. ಟಿಕೆಟ್ಸ್, ಶಾಪ್ಸ್‌ಗೆ ಸ್. ಬ್ಯಾಗ್, ಟ್ರೇನ್, ಡೇ ಮುಂತಾದವಕ್ಕೆ ಜ಼್. ಬಸ್, ಬಾಕ್ಸ್, ಮ್ಯಾಚ್, ಡಿಶ್ ತರಹದವಕ್ಕೆ ಇಜ಼್: ಬಸಿಜ಼್, ಮ್ಯಾಚಿಜ಼್. ಹಿ ವರ್ಕ್ಸ್, ಶಿ ಲಿವ್ಜ಼್ ಎಂಬಲ್ಲೂ ಇದೇ ನಡೆಯುತ್ತದೆ. ಕಷ್ಟ ಇರುವುದು ಜ಼್ ಒಂದರಲ್ಲಿ, ಯಾಕೆಂದರೆ ಕನ್ನಡದಲ್ಲಿ ಅದಿಲ್ಲ. ಸ್ಸ್ಸ್ ಅಂತ ಎಳೆಯುತ್ತಾ, ಬಾಯಿ ಕದಲಿಸದೆ ಗಂಟಲನ್ನು ಮಾತ್ರ ನಡುಗಿಸಿದರೆ ಅದು ಬರುತ್ತದೆ. ಮರಾಠಿಯ ಜಾಗಾ, ಜವಳ್ ಪದಗಳ ಜ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ನಾಲಗೆ ಒಮ್ಮೆ ಮುಟ್ಟಿ ಬಿಡುತ್ತದೆ. ಇಲ್ಲಿ ಮುಟ್ಟಬಾರದು.

ಪದದ ತುದಿಯಲ್ಲಿ ಜ಼್ ಪೂರ್ತಿ ನಡುಗದಿದ್ದರೂ ಗಾಬರಿ ಬೇಡ. ಇಂಗ್ಲಿಷ್‌ನವರದ್ದೂ ಅಲ್ಲಿ ಅರ್ಧಂಬರ್ಧವೇ. ಕೇಳುವವರು ಸುಳಿವು ಹಿಡಿಯುವುದು ಅದರ ಹಿಂದಿನ ಸ್ವರದಲ್ಲಿ. ಐಸ್‌ನಲ್ಲಿ ‘ಐ’ ಗಿಡ್ಡ. ಕಣ್ಣುಗಳು ಅನ್ನುವ ಅರ್ಥದ ಐಜ಼್‌ನಲ್ಲಿ ಅದೇ ‘ಐ’ ಸ್ವಲ್ಪ ಉದ್ದ. ಪ್ಲೇಸ್ ಮತ್ತು ಪ್ಲೇಜ಼್ ಜೋಡಿಯೂ ಹಾಗೆಯೇ. ಹ್ರಸ್ವ ದೀರ್ಘ ನಮಗೆ ಹುಟ್ಟಿನಿಂದ ಬಂದದ್ದು, ಆದ್ದರಿಂದ ಇದು ಜ಼್‌ಗಿಂತ ಬೇಗ ಕೈಗೆ ಹತ್ತಿತು. ಟ್ರೇನ್ಜ಼್, ಬ್ಯಾಗ್ಜ಼್ ಅನ್ನುವಾಗ ಸ್ವರವನ್ನು ಒಂಚೂರು ಎಳೆದು, ಕೊನೆಯ ಸದ್ದನ್ನು ಹಗುರವಾಗಿ ಮುಗಿಸುತ್ತೇನೆ. ಸ್ ಅನ್ನು ಜೋರಾಗಿ ಒತ್ತುವುದಕ್ಕಿಂತ ಅದು ಎಷ್ಟೋ ವಾಸಿ.