ನಾರ್ಮನ್ ಆಗುಂಬೆಗೆ ಬಂದ ಮೇಲೆ

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ತತ್ವಶಾಸ್ತ್ರ ಹೇಳಿಕೊಡುತ್ತೇನೆ. ರಿಲಯಬಿಲಿಸಂ ಪಾಠ ಬಂದಾಗಲೆಲ್ಲ ನಾರ್ಮನ್ ಎಂಬ ದಿವ್ಯದೃಷ್ಟಿಯವನ ಕಥೆ ಹೇಳಲೇಬೇಕು. ಮೊದಲ ಮೂರು ವರ್ಷ ನಾನು ಅದನ್ನು ತಪ್ಪಾಗಿ ಹೇಳಿದೆ. ಆ ಕಥೆ ರಿಲಯಬಿಲಿಸಂ ಮೇಲಿನ ಒಂದು ಆಕ್ಷೇಪ, ಕಥೆ ತಪ್ಪಿದರೆ ಆಕ್ಷೇಪದ ಜೀವವೇ ಹೋಗುತ್ತದೆ ಅಂತ ನನಗೆ ತಡವಾಗಿ ಗೊತ್ತಾಯಿತು.

ಮೊದಲು ರಿಲಯಬಿಲಿಸಂ ಎಂಬ ವಾದ ಏನು ಅಂತ ಹೇಳಿಬಿಡುತ್ತೇನೆ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಸೇರುತ್ತವೆ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಅಂತ ಕೇಳಿದರೆ ಬಹಳ ಜನರಿಗೆ ನೆನಪಿರುವುದಿಲ್ಲ. ಸಾಕ್ಷಿ ಮರೆತುಹೋಗಿದೆ, ಆದರೂ ನಂಬಿಕೆ ಸರಿಯಾದದ್ದೇ. ಇದು ಹೇಗೆ? 1979ರಲ್ಲಿ ತತ್ವಶಾಸ್ತ್ರಜ್ಞ ಆಲ್ವಿನ್ ಗೋಲ್ಡ್‌ಮನ್ ಕೊಟ್ಟ ಉತ್ತರ ಸರಳವಾಗಿದೆ. ನಂಬಿಕೆ ಯಾವ ದಾರಿಯಿಂದ ಹುಟ್ಟಿತು ಅಂತ ನೋಡಿ. ಕಣ್ಣು, ನೆನಪು, ಸರಿಯಾದ ಲೆಕ್ಕ, ಇವು ಹೆಚ್ಚಾಗಿ ನಿಜವನ್ನೇ ಕೊಡುತ್ತವೆ. ಅಂಥ ದಾರಿಯಿಂದ ಬಂದ ನಂಬಿಕೆಗೆ ಸಮರ್ಥನೆ ಇದೆ, ಅಂದರೆ ಅದನ್ನು ನಂಬುವುದು ಸರಿಯೇ. ದಾರಿ ನಂಬಿಗಸ್ತವಾಗಿದ್ದರೆ ಸಾಕು. ಅದು ನಂಬಿಗಸ್ತ ಅಂತ ನಂಬುವವನಿಗೆ ಗೊತ್ತಿರಬೇಕಾಗಿಲ್ಲ.

ಈ ಕೊನೆಯ ಮಾತಿಗೇ 1980ರಲ್ಲಿ ಇನ್ನೊಬ್ಬ ತತ್ವಶಾಸ್ತ್ರಜ್ಞ ಲಾರೆನ್ಸ್ ಬಾನ್‌ಜೂರ್ ಕೈಹಾಕಿದರು. ಅವರ ನಾರ್ಮನ್‌ಗೆ ಕೆಲವು ವಿಷಯಗಳಲ್ಲಿ ಪೂರ್ತಿ ನಂಬಬಹುದಾದ ದಿವ್ಯದೃಷ್ಟಿ ಇದೆ. ಆದರೆ ಅದು ತನಗಿದೆ ಅಂತಲೂ ಇಲ್ಲ ಅಂತಲೂ ಅವನ ಬಳಿ ಯಾವ ಸುಳಿವೂ ಇಲ್ಲ. ಅಂಥ ಶಕ್ತಿ ಲೋಕದಲ್ಲಿ ಇರಬಹುದೇ ಎಂಬ ಬಗ್ಗೆಯೂ ಇಲ್ಲ. ಒಂದು ದಿನ ಅವನಿಗೆ ಅಮೆರಿಕದ ಅಧ್ಯಕ್ಷರು ನ್ಯೂಯಾರ್ಕ್‌ನಲ್ಲಿದ್ದಾರೆ ಅಂತ ಅನ್ನಿಸುತ್ತದೆ. ಅದು ನಿಜ. ಅವನ ಶಕ್ತಿಯಿಂದಲೇ ಬಂದದ್ದು. ಗೋಲ್ಡ್‌ಮನ್ ಲೆಕ್ಕದಲ್ಲಿ ಈ ನಂಬಿಕೆಗೆ ಸಮರ್ಥನೆ ಇದೆ. ಆದರೆ ನಾರ್ಮನ್ ಕಡೆಯಿಂದ ನೋಡಿದರೆ ಎಲ್ಲಿಂದಲೋ ಬಂದ ಯೋಚನೆಯನ್ನು ಸುಮ್ನೆ ನಂಬಿಬಿಟ್ಟ ಹಾಗಲ್ವಾ?

ನಾನು ಎಡವಿದ್ದು ಉದಾಹರಣೆ ಆರಿಸುವಾಗ. ಮಲೆನಾಡಿನ ಮಕ್ಕಳಿಗೆ ಹತ್ತಿರವಾಗಲಿ ಅಂತ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ತಂದೆ. ತರಗತಿ ಎರಡು ಪಾಲಾಯಿತು. “ಸಾರ್, ನಮ್ಮ ತೋಟದಲ್ಲಿ ಅವರು ತೋರಿಸಿದ ಕಡೆಯೇ ನೀರು ಸಿಕ್ಕಿದ್ದು” ಅಂದಳು ಒಬ್ಬಳು. “ನಮ್ಮಲ್ಲಿ ಎರಡು ಬೋರ್ ಫೇಲ್ ಆಯ್ತು” ಅಂದ ಇನ್ನೊಬ್ಬ. ಗಂಟೆ ಹೊಡೆಯುವವರೆಗೂ ಅದೇ ಜಗಳ. ಇಬ್ಬರೂ ಸಾಕ್ಷಿ ತರುತ್ತಿದ್ದರು. ಒಬ್ಬಳು ಪರವಾಗಿ, ಇನ್ನೊಬ್ಬ ವಿರುದ್ಧವಾಗಿ. ನಾರ್ಮನ್ ಕಥೆಯಲ್ಲಿ ಇವೆರಡೂ ಇರಬಾರದು. ಬಾನ್‌ಜೂರ್ ಇದನ್ನು ಬಲು ಎಚ್ಚರದಿಂದ ಮಾಡಿದ್ದಾರೆ. ನಾರ್ಮನ್‌ಗಿಂತ ಮೊದಲು ಅವರು ಸಮಂತಾ, ಕ್ಯಾಸ್ಪರ್, ಮಾಡ್ ಎಂಬ ಮೂವರನ್ನು ತರುತ್ತಾರೆ. ಆ ಮೂವರ ಬಳಿಯೂ ತಮ್ಮ ನಂಬಿಕೆಗೋ ಶಕ್ತಿಗೋ ವಿರುದ್ಧವಾದ ಸಾಕ್ಷಿ ಇರುತ್ತದೆ. ನಾರ್ಮನ್ ಬಳಿ ಮಾತ್ರ ಏನೂ ಇಲ್ಲ. ಈಗ ನನಗೊಂದು ಗುರುತು ಸಿಕ್ಕಿದೆ. “ಹಿಂದೆ ಎಷ್ಟು ಸಲ ಸರಿ ಹೇಳಿದ್ದ?” ಅಂತ ಮಕ್ಕಳು ಕೇಳಿದರೆ ನನ್ನ ಕಥೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಆಮೇಲೆ ಹೊಸ ಕಥೆ ಕಟ್ಟಿದೆ. ಆಗುಂಬೆಯಲ್ಲಿ ಶೀನ ಅಂತ ಒಬ್ಬ ಇದ್ದಾನೆ ಅಂದುಕೊಳ್ಳಿ. ನಾರ್ಮನ್‌ಗೆ ಇದ್ದ ಹಾಗೆ, ತನಗೇ ಗೊತ್ತಿಲ್ಲದ ದಿವ್ಯದೃಷ್ಟಿ ಅವನಿಗೂ ಇದೆ. ಮಳೆಗಾಲದ ಒಂದು ಬೆಳಗ್ಗೆ, ಒಲೆ ಮುಂದೆ ಕೂತು ಕಾಫಿ ಕುಡಿಯುವಾಗ, ಘಾಟಿಯ ಏಳನೇ ತಿರುವಿನಲ್ಲಿ ಮರ ಬಿದ್ದಿದೆ ಅಂತ ಅವನಿಗೆ ಅನ್ನಿಸುತ್ತದೆ. ಸದ್ದು ಕೇಳಿಲ್ಲ, ಫೋನ್ ಬಂದಿಲ್ಲ. ಇದು ಅವನಿಗೆ ಹೀಗೆ ಅನ್ನಿಸಿದ ಮೊದಲ ಸಲ. ಗಾಳಿಯೂ ಇರಲಿಲ್ಲ ಅಂತ ಸೇರಿಸುತ್ತೇನೆ. ಇಲ್ಲದಿದ್ದರೆ “ಆಗುಂಬೆ ಮಳೇಲಿ ಮರ ಬೀಳೋದು ಮಾಮೂಲಿ ಸಾರ್” ಅಂತ ಯಾರಾದರೂ ಹೇಳುತ್ತಾರೆ, ಅದೂ ಸಾಕ್ಷಿಯೇ ಆಗಿಬಿಡುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯವರು ಬಂದು, ಮೇಗರವಳ್ಳಿ ಹತ್ತಿರ ಲಾರಿ ಕೆಟ್ಟು ನಿಂತಿದೆ ಅಂತ ಹೇಳುತ್ತಾರೆ. ಅವರ ಮಾತು ಹತ್ತರಲ್ಲಿ ಒಂಬತ್ತು ಸಲ ನಿಜ, ಅದು ಶೀನನಿಗೂ ಗೊತ್ತು.

ಈಗ ಶೀನ ಒಂದರ ಮೇಲೆ ನೂರು ರೂಪಾಯಿ ಪಂಥ ಕಟ್ಟಬೇಕು. ಮರದ ಮೇಲೋ, ಲಾರಿಯ ಮೇಲೋ? ಇಂಥದ್ದೇ ಪಂಥವನ್ನು ಬಾನ್‌ಜೂರ್ ನಾರ್ಮನ್ ಮುಂದೆ ಇಟ್ಟಿದ್ದರು. ತರಗತಿಯಲ್ಲಿ ಹೆಚ್ಚಿನವರು ಲಾರಿ ಅನ್ನುತ್ತಾರೆ. ದಾರಿಯ ನಂಬಿಗಸ್ತಿಕೆ ಮಾತ್ರ ಲೆಕ್ಕವಾದರೆ ಮರ ಅನ್ನಬೇಕಿತ್ತು, ಯಾಕೆಂದರೆ ಶೀನನ ಶಕ್ತಿ ತಪ್ಪುವುದೇ ಇಲ್ಲ. ಪಂಥಕ್ಕೂ ಸಮರ್ಥನೆಗೂ ಸಂಬಂಧವಿಲ್ಲ ಅಂತ ವಾದಿಸಬಹುದು. ನನಗೆ ಅದು ಜಾರಿಕೊಳ್ಳುವ ಮಾತಿನಂತೆ ಕಾಣುತ್ತದೆ.

ಗೋಲ್ಡ್‌ಮನ್ ಬಳಿ ಉತ್ತರ ಇರಲಿಲ್ಲ ಅಂತಲ್ಲ. 1979ರಲ್ಲೇ ಅವರು ಒಂದು ಷರತ್ತು ಸೇರಿಸಿದ್ದರು. ಇನ್ನೊಂದು ನಂಬಿಗಸ್ತ ದಾರಿ ನಿನಗೆ ಸಿಗುವಂತಿದ್ದು, ಅದನ್ನೂ ಬಳಸಿದ್ದರೆ ನೀನು ಈ ನಂಬಿಕೆ ಬಿಡುತ್ತಿದ್ದೆ ಅಂತಾದರೆ, ಸಮರ್ಥನೆ ಇಲ್ಲ. ಶೀನ ಒಂದು ಕ್ಷಣ ನಿಂತು, “ಇದು ನನಗೆ ಹೇಗೆ ಗೊತ್ತಾಯಿತು? ನನಗೆ ಅಂಥ ಶಕ್ತಿ ಇದ್ದಿದ್ದರೆ ಇಷ್ಟರೊಳಗೆ ಒಂದು ಸುಳಿವಾದರೂ ಸಿಗುತ್ತಿತ್ತು” ಅಂತ ಯೋಚಿಸಬಹುದಿತ್ತು. ಯೋಚಿಸಿದ್ದರೆ ನಂಬಿಕೆ ಬಿಡುತ್ತಿದ್ದ. ಚೆನ್ನಾಗಿದೆ. ಆದರೆ ಇಲ್ಲೊಂದು ತೊಡಕಿದೆ. ಶೀನ ಹಾಗೆ ಯೋಚಿಸಲಾರದ ಚಿಕ್ಕ ಹುಡುಗ ಅಂದುಕೊಳ್ಳಿ. ಆಗ ಷರತ್ತು ಅವನಿಗೆ ತಾಗುವುದಿಲ್ಲ. ಹಾಗಾದರೆ ಯೋಚಿಸಲು ಬಾರದವನಿಗೆ ಸಮರ್ಥನೆ ಇದೆ, ಬರುವವನಿಗೆ ಇಲ್ಲ ಅಂತಾಗುತ್ತದೆ. ಇದನ್ನು ಒಪ್ಪಲು ನನಗೆ ಆಗಲಿಲ್ಲ.

ಹಾಗಂತ ಬಾನ್‌ಜೂರ್ ಕಡೆಗೆ ಪೂರ್ತಿ ವಾಲಲೂ ಆಗಲಿಲ್ಲ. ಕಾರಣ ನನ್ನ ಸೋದರತ್ತೆ. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಅವರು ನಲವತ್ತು ವರ್ಷ ಅಡಿಕೆ ಆರಿಸಿದವರು. ಗೋಣಿ ಮೇಲೆ ಸುರಿದ ರಾಶಿಗೆ ಕೈ ಹಾಕಿದರೆ ಗೊರಬಲು ಎಂಬ ದರ್ಜೆಯದ್ದು ಒಂದು ಕಡೆ, ರಾಶಿ ಇಡಿ ಎಂಬ ದರ್ಜೆಯದ್ದು ಒಂದು ಕಡೆ ಬೀಳುತ್ತಾ ಹೋಗುತ್ತದೆ. ಮಾತಾಡುತ್ತಲೇ ಆರಿಸುತ್ತಾರೆ, ಕಣ್ಣು ನನ್ನ ಮೇಲೆ ಇರುತ್ತದೆ. “ಅತ್ತೆ, ಇದು ಗೊರಬಲು ಅಂತ ಹೇಗೆ ಗೊತ್ತಾಯ್ತು?” ಅಂತ ಕೇಳಿದೆ. ಒಂದು ಅಡಿಕೆ ಎತ್ತಿ ಬೆರಳಲ್ಲಿ ಹೊರಳಿಸಿ ನೋಡಿದರು. “ಗೊತ್ತಾಗತ್ತೆ ಮಾರಾಯ, ಹೇಗೆ ಅಂದ್ರೆ ಏನ್ ಹೇಳ್ಲಿ” ಅಂದರು. ಕಾರಣ ಕೊಡಲಾಗಲಿಲ್ಲ. ಆದರೂ ಅವರ ನಂಬಿಕೆಗೆ ಸಮರ್ಥನೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅತ್ತೆಗೆ ಸಾಕ್ಷಿ ಇದೆ, ನಲವತ್ತು ವರ್ಷದ ಅನುಭವವೇ ಸಾಕ್ಷಿ ಅಂತ ಬಾನ್‌ಜೂರ್ ಪರವಾಗಿ ಹೇಳಬಹುದು. ಆದ್ದರಿಂದ ಕಥೆಯನ್ನು ಇನ್ನಷ್ಟು ತಿರುಗಿಸಿದೆ. ಅತ್ತೆಗೆ ಆ ನಲವತ್ತು ವರ್ಷ ಮರೆತೇಹೋಗಿದೆ, ಕೈಗೆ ಮಾತ್ರ ನೆನಪಿದೆ ಅನ್ನಿ. ಅಡಿಕೆ ಮುಟ್ಟಿದಾಗ “ಇದು ಗೊರಬಲು” ಅಂತ ಅನ್ನಿಸುತ್ತದೆ, ಯಾಕೆ ಅಂತ ಗೊತ್ತಿಲ್ಲ. ಈಗ ಒಳಗಿನಿಂದ ನೋಡಿದರೆ ಅತ್ತೆಗೂ ಶೀನನಿಗೂ ಜಾಸ್ತಿ ವ್ಯತ್ಯಾಸವಿಲ್ಲ. ಆದರೂ ಅತ್ತೆಯ ನಂಬಿಕೆ ಸರಿ ಅಂತಲೇ ನನಗೆ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ಹಿಂದೆ. ಅತ್ತೆ ಹುಡುಗಿಯಾಗಿದ್ದಾಗ ತಪ್ಪು ಆರಿಸಿದ ಒಂದೊಂದು ಅಡಿಕೆಯನ್ನೂ ಅವರ ಅಮ್ಮ ವಾಪಸ್ ರಾಶಿಗೆ ಎಸೆಯುತ್ತಿದ್ದರಂತೆ. ಆ ಕೈ ತಿದ್ದಿ ತಿದ್ದಿ ಆದದ್ದು. ಶೀನನ ಶಕ್ತಿಯನ್ನು ಯಾರೂ, ಯಾವುದೂ ತಿದ್ದಿಲ್ಲ.

ಜ್ಯಾಕ್ ಲಯನ್ಸ್ ಎಂಬ ತತ್ವಶಾಸ್ತ್ರಜ್ಞರು ರಿಲಯಬಿಲಿಸಂ ಅನ್ನು ಈ ದಿಕ್ಕಿನಲ್ಲೇ ತಿದ್ದಿದ್ದಾರೆ. ಬೇರೆ ನಂಬಿಕೆಯ ಆಸರೆ ಇಲ್ಲದೆ ನಿಲ್ಲುವ ನಂಬಿಕೆಗೆ ದಾರಿ ನಂಬಿಗಸ್ತವಾಗಿದ್ದರೆ ಸಾಲದು, ಆ ಸಾಮರ್ಥ್ಯ ಹುಟ್ಟಿನಿಂದ ಬಂದದ್ದೂ ಕಲಿಕೆಯಿಂದ ಬೆಳೆದದ್ದೂ ಸೇರಿ ಆಗಿರಬೇಕು ಅಂತ. ಮಗುವಿನ ಕಣ್ಣು ಇಲ್ಲಿ ಪಾಸಾಗುತ್ತದೆ. ಶೀನ ಆಗುವುದಿಲ್ಲ. ನಾನು ಸದ್ಯ ಇಲ್ಲಿ ನಿಂತಿದ್ದೇನೆ.

ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿ, ಒಬ್ಬನಿಗೆ ರಾತ್ರೋರಾತ್ರಿ ನಿಮ್ಮ ಅತ್ತೆಯ ಕೈಯೇ ಬಂದುಬಿಟ್ಟರೆ? ಮಿದುಳೂ ಅದೇ, ಬೆರಳೂ ಅದೇ. ಮೊದಲ ಅಡಿಕೆ ಮುಟ್ಟಿದಾಗ ಅವನಿಗೆ ಸಮರ್ಥನೆ ಇಲ್ವಾ?” ಇಲ್ಲ ಅಂದೆ. “ಒಂದು ವರ್ಷ ಆರಿಸಿದ ಮೇಲೆ?” ಮಾರಾಟಕ್ಕೆ ಹೋದ ಚೀಲ ವಾಪಸ್ ಬರದೇ ಇದ್ದರೆ, ಇದೆ ಅಂದೆ. “ಹಾಗಾದ್ರೆ ಅದು ಸಾಕ್ಷಿ ಸಾರ್, ಕಲಿಕೆ ಅಲ್ಲ. ಅವನ ಕೈ ಏನೂ ಬದಲಾಗಿಲ್ಲ” ಅಂದಳು. ಅವಳು ಹೇಳಿದ್ದು ಸರಿ. ಆ ಒಂದು ವರ್ಷದಲ್ಲಿ ಬದಲಾದದ್ದು ಅವನಿಗೆ ಗೊತ್ತಿರುವ ಸಂಗತಿ ಮಾತ್ರ, ಅದು ಬಾನ್‌ಜೂರ್ ಕೇಳಿದ್ದೇ. ಈ ವರ್ಷದ ಪಾಠವನ್ನು ಅವಳ ಪ್ರಶ್ನೆಯಿಂದಲೇ ಶುರು ಮಾಡುತ್ತಿದ್ದೇನೆ.